ನೂರಿಪ್ಪತ್ತು ರೂಪಾಯಿ ಲಾಭದಲ್ಲಿ ಕೈಗೆ ಬರುವುದೆಷ್ಟು?

ಷೇರು ವಹಿವಾಟಿನ ಒಂದು ತಂತ್ರ ಹಿಂದಿನ ವರ್ಷಗಳಲ್ಲಿ ಹೇಗೆ ನಡೆಯುತ್ತಿತ್ತು ಎಂದು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಈಗ ಅದಕ್ಕೆ ದೊಡ್ಡ ಸಂಸ್ಥೆಯೇ ಆಗಬೇಕೆಂದಿಲ್ಲ. ಲ್ಯಾಪ್‌ಟಾಪ್ ಮತ್ತು ಐದು ನಿಮಿಷಕ್ಕೊಮ್ಮೆಯ ಬೆಲೆಗಳ ಕಡತ ಇದ್ದರೆ ಮನೆಯಲ್ಲೇ ಆಗುತ್ತದೆ. ಪರದೆಯ ಮೇಲೆ ಲಾಭದ ಗೆರೆ ಎಡದಿಂದ ಬಲಕ್ಕೆ ಏರುತ್ತಾ ಹೋಗುವುದನ್ನು ನೋಡಿದವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಆ ಗೆರೆ ಎಳೆದ ಪ್ರೋಗ್ರಾಮ್‌ಗೆ ಬ್ರೋಕರ್ ಯಾರು, ಸರ್ಕಾರ ಯಾವುದು ಎಂಬುದೊಂದೂ ಗೊತ್ತಿರುವುದಿಲ್ಲ. ನಾವು ಹೇಳಿಕೊಡದಿದ್ದರೆ ಅದು ಪುಕ್ಕಟೆಯಾಗಿ ಕೊಂಡು ಪುಕ್ಕಟೆಯಾಗಿ ಮಾರುತ್ತದೆ.

ಒಂದು ಲೆಕ್ಕ ಬಿಡಿಸಿ ನೋಡೋಣ. 500 ರೂಪಾಯಿಯ ಷೇರು, 200 ಷೇರು, ಅಂದರೆ ಒಂದು ಲಕ್ಷದ ಖರೀದಿ. ಅದೇ ದಿನ ಮಾರಾಟ, ಅಂದರೆ ಇಂಟ್ರಾಡೇ. ಲಾಭ ನಷ್ಟ ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಪ್ರತಿ ವಹಿವಾಟಿಗೆ 120 ರೂಪಾಯಿ ಉಳಿಯುತ್ತದೆ ಎಂದು ಬ್ಯಾಕ್‌ಟೆಸ್ಟ್ ಹೇಳುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಇಂಥ 400 ವಹಿವಾಟು, ಒಟ್ಟು 48,000 ರೂಪಾಯಿ. ಲಕ್ಷ ರೂಪಾಯಿ ಬಂಡವಾಳಕ್ಕೆ ಇದು ಯಾರಿಗೆ ಬೇಡ?

ಈಗ ಕಳೆಯುತ್ತಾ ಬರೋಣ. ರಿಯಾಯಿತಿ ದರದ ಬ್ರೋಕರ್‌ಗಳಲ್ಲಿ ಇಂಟ್ರಾಡೇಗೆ ಸಾಮಾನ್ಯವಾಗಿರುವ ದರ ಆರ್ಡರ್‌ಗೆ 20 ರೂಪಾಯಿ ಅಥವಾ ಶೇ 0.03, ಯಾವುದು ಕಡಿಮೆಯೋ ಅದು. ಲಕ್ಷಕ್ಕೆ ಶೇ 0.03 ಎಂದರೆ 30 ರೂಪಾಯಿ, ಹಾಗಾಗಿ 20 ಬೀಳುತ್ತದೆ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ, ಒಟ್ಟು 40. ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಇಂಟ್ರಾಡೇಯಲ್ಲಿ ಮಾರುವಾಗ ಮಾತ್ರ ಶೇ 0.025, ಅದು 25 ರೂಪಾಯಿ. 2024ರ ಅಕ್ಟೋಬರ್‌ನಲ್ಲಿ ಎನ್‌ಎಸ್‌ಇ ಎಲ್ಲರಿಗೂ ಏಕರೂಪ ಮಾಡಿದ ವಿನಿಮಯ ಶುಲ್ಕ ಲಕ್ಷಕ್ಕೆ 2 ರೂಪಾಯಿ 97 ಪೈಸೆ. ಎರಡೂ ಕಡೆಗೆ ಸೇರಿ 5.94. ಕೋಟಿಗೆ ಹತ್ತು ರೂಪಾಯಿಯಂತೆ ಸೆಬಿಗೆ 20 ಪೈಸೆ. ಕೊಂಡದ್ದರ ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇ 0.003, ಅದು 3 ರೂಪಾಯಿ. ಕೊನೆಗೆ ಜಿಎಸ್‌ಟಿ ಶೇ 18. ಇದು ಬೀಳುವುದು ಬ್ರೋಕರೇಜ್, ವಿನಿಮಯ ಶುಲ್ಕ, ಸೆಬಿ ಶುಲ್ಕ ಮೂರರ ಮೇಲೆ ಮಾತ್ರ. ಎಸ್‌ಟಿಟಿ, ಸ್ಟ್ಯಾಂಪ್ ಡ್ಯೂಟಿಗಳ ಮೇಲೆ ಇಲ್ಲ. ಅದು 8.31.

ಎಲ್ಲ ಕೂಡಿದರೆ 82 ರೂಪಾಯಿ 45 ಪೈಸೆ. 120ರಲ್ಲಿ ಉಳಿದದ್ದು 37.55.

ಇದರಲ್ಲಿ ಯಾವೊಂದು ದರವೂ ದುಬಾರಿ ಎನಿಸುವುದಿಲ್ಲ, ತೊಡಕು ಇರುವುದೇ ಅಲ್ಲಿ. ಈ ಶುಲ್ಕಗಳು ಬೀಳುವುದು ಲಾಭದ ಮೇಲಲ್ಲ, ವಹಿವಾಟಿನ ಮೊತ್ತದ ಮೇಲೆ. ಸೋತ ದಿನವೂ 82 ರೂಪಾಯಿ ಕೊಡಲೇಬೇಕು. 2022–23ರ ಇಂಟ್ರಾಡೇ ವಹಿವಾಟುದಾರರ ಬಗ್ಗೆ ಸೆಬಿ ನಡೆಸಿದ ಅಧ್ಯಯನದಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು. ಹಾಗೆ ಕಳೆದುಕೊಂಡವರು ತಮ್ಮ ನಷ್ಟದ ಶೇ 57ರಷ್ಟನ್ನು ಅದರ ಮೇಲೆ ಖರ್ಚಿನ ಬಾಬ್ತಿಗೇ ತೆತ್ತಿದ್ದರು.

ಉಳಿದ 37 ರೂಪಾಯಿಯೂ ಪೂರ್ತಿ ನಮ್ಮದಲ್ಲ. ಯಾವ ರಸೀತಿಯಲ್ಲೂ ಕಾಣಿಸದ ಖರ್ಚೊಂದಿದೆ, ಅದಕ್ಕೆ ಸ್ಲಿಪೇಜ್ ಎಂದು ಹೆಸರು. ಬ್ಯಾಕ್‌ಟೆಸ್ಟ್ 500.00 ಎಂಬ ಬೆಲೆ ಕಂಡರೆ ಅಷ್ಟಕ್ಕೇ ಕೊಂಡೆ ಎಂದು ಬರೆದುಕೊಳ್ಳುತ್ತದೆ. ಆದರೆ ಆ ಗಳಿಗೆಯಲ್ಲಿ ಕೊಳ್ಳುವವರ ಸಾಲಿನ ತಲೆಯಲ್ಲಿ 499.95, ಮಾರುವವರ ಸಾಲಿನ ತಲೆಯಲ್ಲಿ 500.05 ಇರುತ್ತದೆ. ತಕ್ಷಣ ಬೇಕೆಂದರೆ 500.05ಕ್ಕೆ ಕೊಳ್ಳಬೇಕು, ಮಾರುವಾಗಲೂ ಹಾಗೆಯೇ ಐದು ಪೈಸೆ ಬಿಟ್ಟುಕೊಡಬೇಕು. 200 ಷೇರಿಗೆ ಎರಡೂ ಕಡೆ ಸೇರಿ 20 ರೂಪಾಯಿ. ಈಗ ಉಳಿದದ್ದು 17.55. ಮೊದಲ ಬೆಲೆಯಲ್ಲಿ ಸಾಕಷ್ಟು ಷೇರು ಇಲ್ಲದೆ ಸರಾಸರಿ ಹತ್ತು ಪೈಸೆ ಜಾರಿತೆನ್ನಿ, ಆಗ 40 ರೂಪಾಯಿ ಹೋಗಿ ಪ್ರತಿ ವಹಿವಾಟಿಗೆ 2 ರೂಪಾಯಿ 45 ಪೈಸೆ ನಷ್ಟ. ವರ್ಷದ 48,000 ಈಗ 980 ರೂಪಾಯಿ ಸಾಲ. ಐದು ಪೈಸೆಯ ಅಂದಾಜು ತಪ್ಪಿದ್ದಕ್ಕೆ ಇಷ್ಟು!

ಸ್ಲಿಪೇಜ್ ಎಲ್ಲ ತಂತ್ರಗಳಿಗೂ ಒಂದೇ ಅಲ್ಲ. ಬೆಲೆ ದಿನದ ಗರಿಷ್ಠ ಮಟ್ಟ ದಾಟಿದ ಕೂಡಲೇ ಕೊಳ್ಳುವ ತಂತ್ರದಲ್ಲಿ, ಅದೇ ಕ್ಷಣಕ್ಕೆ ಕಾದಿದ್ದ ಇತರರೂ ನುಗ್ಗುತ್ತಾರೆ. ಸ್ಟಾಪ್‌ಲಾಸ್ ಬಡಿಯುವುದೂ ಬೆಲೆ ಬೇಗ ಕುಸಿಯುವಾಗಲೇ. ಅಲ್ಲೆಲ್ಲ ಸಾಮಾನ್ಯ ದಿನದ ಐದು ಪೈಸೆ ಹಾಕಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಸ್ಲಿಪೇಜನ್ನು ಎರಡು ಪಟ್ಟು ಮಾಡಿ ಮತ್ತೊಮ್ಮೆ ಓಡಿಸಿ, ಆಗಲೂ ಲಾಭ ನಿಂತರೆ ಮಾತ್ರ ಆ ತಂತ್ರವನ್ನು ಮುಂದಕ್ಕೆ ಒಯ್ಯುವುದು ನನಗೆ ಸರಿ ಕಾಣುತ್ತದೆ.

ಖರ್ಚನ್ನೆಲ್ಲ ಕೊನೆಯಲ್ಲಿ ಒಟ್ಟಾಗಿ ಕಳೆದರಾಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ. ಏಕೆಂದರೆ ಅಷ್ಟರಲ್ಲಿ ಪ್ರೋಗ್ರಾಮ್ ಆಯ್ಕೆ ಮಾಡಿ ಮುಗಿಸಿರುತ್ತದೆ. ನಮ್ಮ 400 ವಹಿವಾಟಿನ ತಂತ್ರದ ಪಕ್ಕದಲ್ಲಿ ಅದರದೇ ನಿಧಾನದ ರೂಪವೊಂದು ಇದೆ ಎನ್ನಿ: ವರ್ಷಕ್ಕೆ 60 ವಹಿವಾಟು, ಪ್ರತಿಯೊಂದಕ್ಕೂ ಸರಾಸರಿ 400 ರೂಪಾಯಿ, ಒಟ್ಟು 24,000. ಖರ್ಚಿಲ್ಲದ ಲೆಕ್ಕದಲ್ಲಿ ಪ್ರೋಗ್ರಾಮ್ 48,000ದ ತಂತ್ರವನ್ನೇ ಎತ್ತಿಕೊಂಡು ಇದನ್ನು ಬದಿಗೆ ಸರಿಸುತ್ತದೆ. ಶುಲ್ಕವನ್ನೂ ಐದು ಪೈಸೆ ಸ್ಲಿಪೇಜನ್ನೂ ಪ್ರತಿ ವಹಿವಾಟಿನಲ್ಲೇ ಕಳೆದರೆ ಚುರುಕಿನದ್ದಕ್ಕೆ ಉಳಿಯುವುದು 7,020, ನಿಧಾನದ್ದಕ್ಕೆ ಸುಮಾರು 17,850. ಹತ್ತು ಪೈಸೆ ಜಾರಿದರೂ ಎರಡನೆಯದು 16,650ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಹಾಗೆಂದು ಪ್ರತಿ ವಹಿವಾಟಿಗೂ ಶೇ ಇಷ್ಟು ಎಂದು ಒಂದೇ ಅಂಕಿ ಹಾಕುವುದೂ ಸರಿಯಲ್ಲ. ಮೇಲಿನ ಲಕ್ಷದ ವಹಿವಾಟಿಗೆ ಶುಲ್ಕ ಸುಮಾರು ಶೇ 0.082 ಬಿತ್ತು. ಅದೇ ದರದಲ್ಲಿ 20,000 ರೂಪಾಯಿಗೆ ಲೆಕ್ಕ ಹಾಕಿದರೆ 21 ರೂಪಾಯಿ, ಅಂದರೆ ಶೇ 0.106. ಐದು ಲಕ್ಷಕ್ಕಾದರೆ 20 ರೂಪಾಯಿಯ ಮಿತಿಯಿಂದಾಗಿ ಶೇ 0.045ಕ್ಕೆ ಇಳಿಯುತ್ತದೆ. ಅಲ್ಲಿ ಶುಲ್ಕ ಇಳಿದರೂ ಸಾವಿರ ಷೇರು ಒಮ್ಮೆಲೇ ಬೇಕಾಗುವುದರಿಂದ ಸ್ಲಿಪೇಜ್ ಏರುತ್ತದೆ. ಹಾಗಾಗಿ ಒಂದೊಂದು ಶುಲ್ಕವನ್ನೂ ಅದರದೇ ನಿಯಮದಂತೆ ಬರೆಯಬೇಕು. ಷೇರನ್ನು ಮನೆಗೆ ಒಯ್ಯುವ ಡೆಲಿವರಿ ವಹಿವಾಟಿಗೆ ನಿಯಮಗಳೇ ಬೇರೆ. ಎಸ್‌ಟಿಟಿ ಎರಡೂ ಕಡೆ ಶೇ 0.1, ಸ್ಟ್ಯಾಂಪ್ ಡ್ಯೂಟಿ ಶೇ 0.015, ಮಾರಿದ ದಿನ ಡಿಮ್ಯಾಟ್ ಖಾತೆಯ ಶುಲ್ಕ.

ದರಗಳು ಬದಲಾಗುತ್ತಲೇ ಇರುತ್ತವೆ. 2020ರ ಜುಲೈಗೆ ಮುಂಚೆ ಸ್ಟ್ಯಾಂಪ್ ಡ್ಯೂಟಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಇತ್ತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮೇಲಿನ ಎಸ್‌ಟಿಟಿ 2024ರ ಅಕ್ಟೋಬರ್‌ನಲ್ಲಿ ಏರಿತು. ಹಳೆಯ ವರ್ಷಗಳಲ್ಲಿ ನಿಜಕ್ಕೂ ಎಷ್ಟು ಸಿಗುತ್ತಿತ್ತು ಎಂಬ ಕುತೂಹಲಕ್ಕೆ ಆಯಾ ಕಾಲದ ದರ ಹಾಕಬಹುದು. ನಾಳೆ ಹಣ ಹಾಕುವ ತೀರ್ಮಾನಕ್ಕೆ ಮಾತ್ರ ಹತ್ತು ವರ್ಷದ ಬೆಲೆಗಳ ಮೇಲೂ ಇಂದಿನ ದರವನ್ನೇ ಹಾಕಬೇಕು, ನಾವು ತೆರುವುದು ಅದನ್ನೇ.

ಲೆಕ್ಕ ಸರಿಯಿದೆಯೇ ಎಂದು ತಿಳಿಯುವುದು ಸುಲಭ. ವಹಿವಾಟು ನಡೆದ ದಿನ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಈ ಶುಲ್ಕಗಳೆಲ್ಲ ಒಂದೊಂದಾಗಿ ಇರುತ್ತವೆ. ಒಂದು ದಿನದ ಖರೀದಿ ಮಾರಾಟವನ್ನು ನಿಮ್ಮ ಪ್ರೋಗ್ರಾಮ್‌ಗೆ ಕೊಟ್ಟು ಸಾಲು ಸಾಲಾಗಿ ಹೋಲಿಸಿ. ಎಸ್‌ಟಿಟಿಯನ್ನು ಹತ್ತಿರದ ರೂಪಾಯಿಗೆ ಪೂರ್ಣಗೊಳಿಸುವುದರಿಂದ ಪೈಸೆಗಳ ವ್ಯತ್ಯಾಸ ಬರಬಹುದು, ಅದು ಪರವಾಗಿಲ್ಲ. ರೂಪಾಯಿಗಳಲ್ಲಿ ವ್ಯತ್ಯಾಸ ಬಂದರೆ ಜಿಎಸ್‌ಟಿಯನ್ನು ಯಾವುದರ ಮೇಲೆ ಹಾಕಿದ್ದೀರಿ, ಎಸ್‌ಟಿಟಿಯನ್ನು ಎರಡೂ ಕಡೆ ಹಾಕಿಬಿಟ್ಟಿದ್ದೀರಾ ಎಂದು ಮೊದಲು ನೋಡಿ. ಅದೇ ನೋಟ್‌ನಲ್ಲಿರುವ ನಿಜವಾದ ಬೆಲೆಗೂ ತಂತ್ರ ಸೂಚನೆ ಕೊಟ್ಟ ಬೆಲೆಗೂ ಇರುವ ಅಂತರವೇ ನಿಮ್ಮ ಸ್ಲಿಪೇಜ್. ಕೆಲವು ವಾರ ಅದನ್ನು ಬರೆದಿಟ್ಟುಕೊಂಡರೆ ಅಂದಾಜಿನ ಐದು ಪೈಸೆಯ ಜಾಗದಲ್ಲಿ ಸ್ವಂತ ಅಂಕಿ ಸಿಗುತ್ತದೆ.

ಆದಾಯ ತೆರಿಗೆಯನ್ನು ಇದರೊಂದಿಗೆ ಬೆರೆಸಬಾರದು. ಅದು ವಹಿವಾಟಿಗೊಮ್ಮೆ ಬೀಳುವುದಲ್ಲ, ವರ್ಷದ ಕೊನೆಗೆ ನಿವ್ವಳ ಲಾಭದ ಮೇಲೆ ಬರುವುದು. ಇಂಟ್ರಾಡೇ ಗಳಿಕೆಯನ್ನು ಸ್ಪೆಕ್ಯುಲೇಷನ್ ವ್ಯಾಪಾರದ ಆದಾಯವೆಂದು ಪರಿಗಣಿಸಿ ನಿಮ್ಮ ಇತರ ಆದಾಯಕ್ಕೆ ಕೂಡಿಸುತ್ತಾರೆ. ಎಸ್‌ಟಿಟಿ, ಬ್ರೋಕರೇಜ್‌ಗಳನ್ನು ವ್ಯಾಪಾರದ ಖರ್ಚೆಂದು ತೋರಿಸಬಹುದು. ಆದರೆ ಈ ವರ್ಷದ ಇಂಟ್ರಾಡೇ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಇಂಥದ್ದೇ ಲಾಭ ಬಂದಾಗ ಅದರಲ್ಲಿ ಕಳೆಯಬೇಕು, ಅದೂ ನಾಲ್ಕು ವರ್ಷದೊಳಗೆ.