‘ತನ’ ಬೆಳೆಯುತ್ತಿದೆ, ‘ಮೆ’ ನಿಂತಿದೆ

ಶಾಲೆಯ ಕನ್ನಡ ವ್ಯಾಕರಣದಲ್ಲಿ ತದ್ಧಿತಾಂತ ಭಾವನಾಮಗಳ ಪಾಠ ಬಂದಾಗ ನಾಲ್ಕು ಪ್ರತ್ಯಯಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ: ತನ, ಇಕೆ, ಪು, ಮೆ. ಜಾಣ ಎಂಬುದಕ್ಕೆ ತನ ಸೇರಿದರೆ ಜಾಣತನ, ಚೆಲುವಿಗೆ ಇಕೆ ಸೇರಿದರೆ ಚೆಲುವಿಕೆ, ಬಿಳಿದು ಎಂಬುದು ಪು ಸೇರಿ ಬಿಳುಪು, ಹಿರಿದು ಎಂಬುದು ಮೆ ಸೇರಿ ಹಿರಿಮೆ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅದನ್ನು ಓದಿದ ವಿದ್ಯಾರ್ಥಿಗೆ ಈ ನಾಲ್ಕೂ ಒಂದೇ ರೀತಿ ಕೆಲಸ ಮಾಡುತ್ತವೆ ಎನಿಸಿದರೆ ಅದು ತಪ್ಪು ತಿಳಿವಳಿಕೆ.

‘ರೌಡಿ’ ಎಂಬ ಪದವನ್ನು ತೆಗೆದುಕೊಳ್ಳಿ. ಇದು ಇಂಗ್ಲಿಷಿನಿಂದ ಬಂದದ್ದು. ರೌಡಿಯ ಸ್ವಭಾವಕ್ಕೆ ಹೆಸರು ಬೇಕಾದಾಗ ಕನ್ನಡಿಗರು ತಡವರಿಸದೆ ‘ರೌಡಿತನ’ ಎನ್ನುತ್ತಾರೆ. ‘ರೌಡಿಮೆ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ, ‘ರೌಡಿಪು’ ಅಂತೂ ಕನ್ನಡವೆಂದೇ ತೋರುವುದಿಲ್ಲ. ಬೇಜವಾಬ್ದಾರಿತನ, ಸೋಮಾರಿತನ, ಪೋಲಿತನ, ಕಿಡಿಗೇಡಿತನ, ಒಂಟಿತನ, ಕನ್ನಡತನ, ತನ್ನತನ ಹೀಗೆ ‘ತನ’ ದಿನವೂ ಹೊಸ ಹೊಸ ಪದಗಳಿಗೆ ಅಂಟಿಕೊಳ್ಳುತ್ತದೆ. ‘ಮೆ’ಯ ಸಂಸಾರ ಮಾತ್ರ ತಾಳ್ಮೆ, ಜಾಣ್ಮೆ, ಹಿರಿಮೆ, ಹೆಮ್ಮೆ, ನಲ್ಮೆ, ಒಲುಮೆ, ದುಡಿಮೆ ಎಂಬಂಥ ಕೆಲವೇ ಪದಗಳಲ್ಲಿ ನಿಂತುಹೋಗಿದೆ. ಹೊಸ ಪದಗಳನ್ನು ಹುಟ್ಟಿಸುವ ಈ ಶಕ್ತಿಯನ್ನು ಭಾಷಾವಿಜ್ಞಾನದಲ್ಲಿ ಪ್ರತ್ಯಯದ ಉತ್ಪಾದಕತೆ ಎನ್ನುತ್ತಾರೆ. ಪದಗಳು ಬಳಕೆಯಲ್ಲಿದ್ದೂ ಅವುಗಳೊಳಗಿನ ಪ್ರತ್ಯಯ ಹೊಸದೇನನ್ನೂ ಹುಟ್ಟಿಸದಿದ್ದರೆ ಅದು ಪಳೆಯುಳಿಕೆಯಾದ ಪ್ರತ್ಯಯ.

ಒಂದು ಪ್ರತ್ಯಯ ಹೀಗೆ ನಿಂತುಹೋಗಲು ಮೊದಲ ಕಾರಣ ಅದು ಯಾವುದಕ್ಕೆ ಅಂಟುತ್ತಿತ್ತು ಎಂಬುದರಲ್ಲಿದೆ. ‘ಮೆ’ ಹೆಚ್ಚಾಗಿ ಹಿರಿ, ಕಿರಿ, ನಲ್, ತಾಳ್ ಇಂಥ ಹಳೆಯ ಧಾತುಗಳಿಗೆ ನೇರವಾಗಿ ಸೇರುತ್ತಿತ್ತು. ಅವುಗಳಲ್ಲಿ ಹಲವು ಇಂದು ಸ್ವತಂತ್ರವಾಗಿ ನಿಲ್ಲುವುದಿಲ್ಲ. ‘ನಲ್’ ಎಂದಷ್ಟೇ ಹೇಳಿದರೆ ಈಗಿನ ಕೇಳುಗನಿಗೆ ಏನೂ ಹೊಳೆಯದು. ಅಂಥ ಧಾತುಗಳು ಹೊಸದಾಗಿ ಹುಟ್ಟುವುದೂ ಇಲ್ಲ. ಆಮೇಲೆ ಸಂಸ್ಕೃತ, ಪಾರಸಿ, ಇಂಗ್ಲಿಷುಗಳಿಂದ ಕನ್ನಡಕ್ಕೆ ಬಂದವೆಲ್ಲ ಇಡಿಯಾದ ಪದಗಳು. ಇಡೀ ಪದಕ್ಕೆ ಹಾಗೆಯೇ ಅಂಟಬಲ್ಲ ‘ತನ’ಕ್ಕೆ ಅವೆಲ್ಲ ಒದಗಿಬಂದವು; ‘ಮೆ’ಗೆ ಒದಗಲಿಲ್ಲ.

ಎರಡನೆಯ ಕಾರಣ ಧ್ವನಿಯದು. ‘ತನ’ ಸೇರಿದಾಗ ಮೂಲಪದ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ: ಸೋಮಾರಿ, ಸೋಮಾರಿತನ. ಕೇಳಿದವನಿಗೆ ಎಲ್ಲಿ ಪದ ಮುಗಿದು ಎಲ್ಲಿ ಪ್ರತ್ಯಯ ಶುರುವಾಯಿತು ಎಂಬುದು ಸ್ಪಷ್ಟ. ‘ಹೆಮ್ಮೆ’ಯನ್ನು ನೋಡಿ. ಹಳಗನ್ನಡದ ‘ಪೆರ್ಮೆ’ಯಲ್ಲಿ ಪಕಾರ ಹಕಾರವಾಗಿ, ರೇಫ ಮಕಾರದಲ್ಲಿ ಕರಗಿ ‘ಹೆಮ್ಮೆ’ ಆಯಿತು. ಅದರೊಳಗೆ ‘ಹಿರಿಮೆ’ಯಲ್ಲಿರುವ ಅದೇ ಪ್ರತ್ಯಯವಿದೆ ಎಂದು ಇಂದು ಯಾರಿಗೂ ಕಿವಿಯಿಂದ ತಿಳಿಯುವುದಿಲ್ಲ. ‘ಪು’ವಿನ ಕತೆಯೂ ಇದೇ. ಕಪ್ಪು, ಕೆಂಪು, ಇಂಪು, ತಂಪುಗಳಲ್ಲಿ ಪ್ರತ್ಯಯ ಮೂಲಪದದೊಡನೆ ಬೆಸೆದುಹೋಗಿದೆ. ಕೂಡುಗೆರೆ ಕಾಣದಿದ್ದರೆ ಮಕ್ಕಳು ಪ್ರತ್ಯಯವನ್ನು ಬೇರೆಯಾಗಿ ಕಲಿಯುವುದಿಲ್ಲ. ಪದವನ್ನು ಇಡಿಯಾಗಿ ಕಲಿಯುತ್ತಾರೆ, ಅಲ್ಲಿಗೆ ಪ್ರತ್ಯಯದ ದಾರಿ ಮುಚ್ಚುತ್ತದೆ.

ಮೂರನೆಯ ಕಾರಣ ಮೇಲ್ನೋಟಕ್ಕೆ ವಿಚಿತ್ರ: ಪದಗಳು ಬಹಳ ಬಳಕೆಯಾಗುವುದು. ‘ತಾಳ್ಮೆ’ಯನ್ನು ನಾವು ಎಷ್ಟು ಸಲ ಹೇಳುತ್ತೇವೆಂದರೆ ಅದನ್ನು ‘ತಾಳು’ ಎಂಬುದರಿಂದ ಕಟ್ಟಿಕೊಳ್ಳಬೇಕಾದ ಅಗತ್ಯವೇ ಬೀಳುವುದಿಲ್ಲ, ಅದು ನೆನಪಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಅಪರೂಪದ ಪದ ಎದುರಾದಾಗ ಮಾತ್ರ ಮನಸ್ಸು ಅದನ್ನು ಬಿಡಿಸಿ ನೋಡುತ್ತದೆ, ಹಾಗೆ ಬಿಡಿಸಿದಾಗಲೆಲ್ಲ ಪ್ರತ್ಯಯ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ರತ್ಯಯವನ್ನು ಜೀವಂತವಾಗಿಡುವುದು ಎಲ್ಲರ ಬಾಯಲ್ಲಿರುವ ಪದಗಳಲ್ಲ, ಅಪರೂಪಕ್ಕೆ ಹುಟ್ಟುವ ಪದಗಳು.

ಹಾಗೆಂದು ‘ತನ’ಕ್ಕೂ ಎಲ್ಲೆಡೆ ಹೋಗುವ ಪರವಾನಗಿಯಿಲ್ಲ. ಅದರ ಕ್ಷೇತ್ರ ಮುಖ್ಯವಾಗಿ ಮನುಷ್ಯರ ಸ್ವಭಾವ ಮತ್ತು ಸ್ಥಿತಿ. ‘ಮೇಜುತನ’ ಎಂದು ನಾವು ಹೇಳುವುದಿಲ್ಲ. ಆ ಜಾಗದಲ್ಲಿ ಬೇರೊಂದು ಪದ ಆಗಲೇ ಕೂತಿದ್ದರೂ ‘ತನ’ ಹಿಂದೆ ಸರಿಯುತ್ತದೆ. ‘ಬೋಲ್ಡ್’ ಎಂಬ ಇಂಗ್ಲಿಷ್ ಪದ ಬರುವಾಗ ‘ಬೋಲ್ಡ್‌ನೆಸ್’ ಅನ್ನೂ ಜೊತೆಗೆ ತಂದಿತು, ಹಾಗಾಗಿ ‘ಬೋಲ್ಡ್‌ತನ’ ಕಿವಿಗೆ ಬೀಳುವುದು ಕಡಿಮೆ. ಇದನ್ನು ತಡೆ ಎನ್ನಬಹುದು. ಎರಡೂ ಪದಗಳು ಉಳಿದುಕೊಂಡಲ್ಲಿ ಅರ್ಥ ಹಂಚಿಕೆಯಾಗುವುದುಂಟು. ‘ಜಾಣ್ಮೆ’ಯಲ್ಲಿ ಮೆಚ್ಚುಗೆಯೇ ಹೆಚ್ಚು, ‘ನಿನ್ನ ಜಾಣತನ ನನ್ನ ಹತ್ತಿರ ಬೇಡ’ ಎನ್ನುವಾಗ ಅದೇ ಗುಣ ಚಾಲಾಕಿಗೆ ಹತ್ತಿರವಾಗುತ್ತದೆ.

ಇಷ್ಟೆಲ್ಲ ಕಿವಿಯ ಸಾಕ್ಷಿಯಾಯಿತು. ಇದನ್ನು ಅಳೆಯುವುದು ಹೇಗೆ? ಒಂದು ಪ್ರತ್ಯಯದ ಪದಗಳು ನಿಘಂಟಿನಲ್ಲಿ ಎಷ್ಟಿವೆ ಎಂದು ಎಣಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ನಿಘಂಟು ಈವರೆಗೆ ಹುಟ್ಟಿದ್ದನ್ನು ಹೇಳುತ್ತದೆಯೇ ಹೊರತು ಇನ್ನು ಹುಟ್ಟಲಿರುವುದನ್ನಲ್ಲ. ಅಲ್ಲದೆ ಸುಲಭವಾಗಿ ಅರ್ಥವಾಗುವ ಹೊಸ ಪದಗಳನ್ನು ನಿಘಂಟುಕಾರರು ಬಿಡುವುದೇ ಹೆಚ್ಚು. ಆಗ ಪ್ರತ್ಯಯ ಎಷ್ಟು ಚುರುಕೋ ನಿಘಂಟಿನಲ್ಲಿ ಅದರ ಲೆಕ್ಕ ಅಷ್ಟೇ ಅಪೂರ್ಣವಾಗುತ್ತದೆ.

ಈ ತೊಡಕಿಗೆ ನೆದರ್‌ಲೆಂಡ್ಸ್‌ನ ಭಾಷಾವಿಜ್ಞಾನಿ ಹರಾಲ್ಡ್ ಬಾಯೆನ್ 1980ರ ದಶಕದ ಕೊನೆಯಲ್ಲಿ ಒಂದು ದಾರಿ ತೋರಿಸಿದರು. ಬರಹಗಳ ದೊಡ್ಡ ಸಂಗ್ರಹವೊಂದರಲ್ಲಿ ಆ ಪ್ರತ್ಯಯವಿರುವ ಪದಗಳು ಒಟ್ಟು ಎಷ್ಟು ಸಲ ಬಂದಿವೆ ಎಂದು ಮೊದಲು ಎಣಿಸಬೇಕು. ಅವುಗಳಲ್ಲಿ ಇಡೀ ಸಂಗ್ರಹದಲ್ಲಿ ಒಂದೇ ಒಂದು ಸಲ ಬಂದ ಪದಗಳು ಎಷ್ಟು ಎಂದು ಆಮೇಲೆ ನೋಡಬೇಕು. ಇವನ್ನು ಒಂಟಿ ಪದಗಳು ಎನ್ನೋಣ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಉತ್ಪಾದಕತೆಯ ಅಳತೆ ಸಿಗುತ್ತದೆ:

P = n1 / N

ಒಂಟಿ ಪದಗಳನ್ನೇ ಏಕೆ ಹಿಡಿಯಬೇಕು? ಕಾಡಿನಲ್ಲಿ ನಡೆಯುತ್ತಾ ಕಂಡ ಹಕ್ಕಿಗಳನ್ನು ಬರೆದುಕೊಳ್ಳುವವನನ್ನು ನೆನೆಯಿರಿ. ಪಟ್ಟಿಯಲ್ಲಿ ಒಂದೊಂದೇ ಸಲ ಕಂಡ ಜಾತಿಗಳು ಬಹಳ ಇದ್ದರೆ ಇನ್ನೂ ಕಾಣದ ಜಾತಿಗಳು ಬಹಳ ಉಳಿದಿವೆ ಎಂದರ್ಥ. ಎಲ್ಲವೂ ಹತ್ತಾರು ಸಲ ಕಂಡಿದ್ದರೆ ಹೊಸದು ಸಿಗುವುದು ಅನುಮಾನ. ಎರಡನೆಯ ಮಹಾಯುದ್ಧದಲ್ಲಿ ಗೂಢಲಿಪಿ ಒಡೆಯುತ್ತಿದ್ದಾಗ ಅಲನ್ ಟ್ಯೂರಿಂಗ್‌ಗೆ ಹೊಳೆದ ಈ ಲೆಕ್ಕವನ್ನು ಅವರ ಸಹೋದ್ಯೋಗಿ ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದರು. ಮುಂದೆ ಸಿಗುವುದು ಈವರೆಗೆ ಕಾಣದ್ದಾಗಿರುವ ಸಂಭವ ಸುಮಾರಾಗಿ n1/N ಎಂಬುದೇ ಅದರ ಸಾರ.

ಕನ್ನಡದಲ್ಲಿ ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡೋಣ. ಒಂದು ಸಂಗ್ರಹದಲ್ಲಿ ‘ತನ’ದ ಪದಗಳು ಒಟ್ಟು 2,000 ಸಲ ಬಂದು, ಅವುಗಳಲ್ಲಿ 60 ಒಂಟಿ ಪದಗಳಿವೆ ಎಂದುಕೊಳ್ಳಿ. P ಎಂದರೆ 0.03. ‘ಮೆ’ಯ ಪದಗಳೂ 2,000 ಸಲ ಬಂದು, ಒಂಟಿ ಪದಗಳು ಕೇವಲ 2 ಇದ್ದರೆ P ಎಂದರೆ 0.001. ಎರಡೂ ಪ್ರತ್ಯಯಗಳು ಅಷ್ಟಷ್ಟೇ ಸಲ ಕಾಣಿಸಿವೆ. ಆದರೂ ಮುಂದೆ ಸಿಗುವ ‘ತನ’ದ ಪದ ಹೊಸದಾಗಿರುವ ಸಂಭವ ನೂರಕ್ಕೆ ಮೂರು, ‘ಮೆ’ಯದು ಸಾವಿರಕ್ಕೆ ಒಂದು.

ನಿಜವಾದ ಎಣಿಕೆಯಲ್ಲಿ ಇಂಥ ಅಂತರ ಕಂಡದ್ದು ಇಂಗ್ಲಿಷಿನಲ್ಲಿ. ಬಾಯೆನ್ ಮತ್ತು ಅಮೆರಿಕದ ರೋಶೆಲ್ ಲೀಬರ್ 1991ರಲ್ಲಿ 1 ಕೋಟಿ 80 ಲಕ್ಷ ಪದಗಳ ಸಂಗ್ರಹದಲ್ಲಿ ‘ನೆಸ್’ ಮತ್ತು ‘ಇಟಿ’ ಎಂಬ ಎರಡು ಭಾವನಾಮ ಪ್ರತ್ಯಯಗಳನ್ನು ಹೋಲಿಸಿದರು. ‘ಇಟಿ’ಯ ಪದಗಳು 42,252 ಸಲ ಬಂದಿದ್ದವು, ‘ನೆಸ್’ನವು 17,481 ಸಲ. ಇಷ್ಟನ್ನೇ ನೋಡಿದರೆ ‘ಇಟಿ’ಯೇ ಬಲಶಾಲಿ. ಆದರೆ ಒಂಟಿ ಪದಗಳು ‘ಇಟಿ’ಗೆ 29, ‘ನೆಸ್’ಗೆ 77. ಭಾಗಿಸಿದಾಗ ‘ಇಟಿ’ಗೆ 0.0007, ‘ನೆಸ್’ಗೆ 0.0044 ಬಂತು. ಹೆಚ್ಚು ಸಲ ಕಾಣಿಸುವುದು ಬೇರೆ, ಹೊಸದನ್ನು ಹುಟ್ಟಿಸುವುದು ಬೇರೆ ಎಂಬುದು ಅಂಕಿಗಳಲ್ಲೇ ಕಂಡಿತು.

ಈ ಅಳತೆಗೆ ಒಂದು ದೋಷವಿದೆ. ಸಂಗ್ರಹ ದೊಡ್ಡದಾದಂತೆ ಹಳೆಯ ಪದಗಳೇ ಮರಳಿ ಬರುತ್ತವೆ, P ತಾನಾಗಿ ಇಳಿಯುತ್ತದೆ. ಆದ್ದರಿಂದ ಹೆಚ್ಚು ಬಳಕೆಯ ಪ್ರತ್ಯಯವನ್ನು ಕಡಿಮೆ ಬಳಕೆಯದರ ಪಕ್ಕದಲ್ಲಿ ಸುಮ್ಮನೆ ಇಟ್ಟರೆ ಮೊದಲನೆಯದಕ್ಕೆ ಅನ್ಯಾಯವಾಗುತ್ತದೆ. ಇಟಲಿಯ ಲಿವಿಯೊ ಗಾಯೆತಾ ಮತ್ತು ದಾವಿದೆ ರಿಕ್ಕಾ 2006ರಲ್ಲಿ ಇದಕ್ಕೆ ಪರಿಹಾರ ಹೇಳಿದರು: ಎರಡೂ ಪ್ರತ್ಯಯಗಳು ಸಮನಾದಷ್ಟು ಸಲ ಬರುವವರೆಗೆ ಮಾತ್ರ ಓದಿ, ಆಗ ಒಂಟಿ ಪದಗಳನ್ನು ಹೋಲಿಸಬೇಕು. ಮೇಲಿನ ನಮ್ಮ ಕಾಲ್ಪನಿಕ ಲೆಕ್ಕದಲ್ಲಿ ಎರಡಕ್ಕೂ 2,000 ಎಂದಿಟ್ಟದ್ದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಎಣಿಸಲು ಹೊರಟವರಿಗೆ ಬೇರೆ ಎಚ್ಚರಗಳೂ ಬೇಕು. ‘ಮೆ’ಯಿಂದ ಕೊನೆಯಾಗುವುದನ್ನೆಲ್ಲ ಹುಡುಕು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಎಮ್ಮೆ, ಒಮ್ಮೆ, ಕ್ಷಮೆ, ಪ್ರತಿಮೆಗಳನ್ನೂ ತಂದು ಹಾಕುತ್ತದೆ. ‘ತನ’ ಎಂದರೆ ವೇತನ, ಚೇತನ, ನೂತನ, ಪತನ, ಕೊನೆಗೆ ‘ಆತನ’ ಕೂಡ ಬರುತ್ತದೆ. ವಿಭಕ್ತಿಗಳ ತೊಂದರೆ ಇನ್ನೂ ದೊಡ್ಡದು. ಸೋಮಾರಿತನದಿಂದ, ಸೋಮಾರಿತನಕ್ಕೆ, ಸೋಮಾರಿತನವೂ ಎಂಬ ಮೂರು ರೂಪಗಳನ್ನು ಒಂದೇ ಪದವೆಂದು ಹಿಡಿಯದಿದ್ದರೆ ಮೂರು ಸುಳ್ಳು ಒಂಟಿ ಪದಗಳು ಹುಟ್ಟುತ್ತವೆ. ಮುದ್ರಣದ ತಪ್ಪುಗಳೂ ಒಂಟಿ ಪದಗಳಂತೆ ತೋರುತ್ತವೆ. ಹಳಗನ್ನಡ ಕಾವ್ಯದ ‘ಕೂರ್ಮೆ’ಯನ್ನು ವಿಮರ್ಶಕರೊಬ್ಬರು ಒಮ್ಮೆ ಬಳಸಿದ್ದರೆ ಅದೂ ಒಂಟಿಯೇ, ಆದರೆ ಹೊಸದಲ್ಲ. ಹಾಗಾಗಿ ಯಂತ್ರ ಕೊಟ್ಟ ಒಂಟಿ ಪದಗಳ ಪಟ್ಟಿಯನ್ನು ಕನ್ನಡ ಬಲ್ಲವರು ಒಂದೊಂದಾಗಿ ನೋಡಿ ಶೋಧಿಸದ ಹೊರತು ಅಂಕಿಯನ್ನು ನಂಬಬಾರದು.

ಪಳೆಯುಳಿಕೆಯಾದ ಪ್ರತ್ಯಯಕ್ಕೆ ಮತ್ತೆ ಜೀವ ಬರಬಲ್ಲದೆ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ಮತ್ತು ಅವರ ದಾರಿಯಲ್ಲಿ ನಡೆದವರು ವಿಜ್ಞಾನಕ್ಕೆ ‘ಅರಿಮೆ’, ಭಾಷಾವಿಜ್ಞಾನಕ್ಕೆ ‘ನುಡಿಯರಿಮೆ’ ಎಂದು ಬಳಸಿದ್ದಾರೆ. ಇವು ಅರ್ಥವತ್ತಾದ ಪದಗಳು. ಆದರೆ ಡಚ್ ವಿದ್ವಾಂಸ ಶುಲ್ಟಿಂಕ್ 1961ರಲ್ಲೇ ಉತ್ಪಾದಕತೆಗೆ ಹಾಕಿದ ನಿಬಂಧನೆ ಇಲ್ಲಿ ಮುಖ್ಯ: ಮಾತಾಡುವವರು ಬೇಕೆಂದು ಕೂತು ಕಟ್ಟಿದ್ದು ಲೆಕ್ಕಕ್ಕಿಲ್ಲ, ಅರಿವಿಲ್ಲದೆ ಬಾಯಿಗೆ ಬಂದದ್ದು ಮಾತ್ರ ಲೆಕ್ಕ. ‘ಅರಿಮೆ’ಯನ್ನು ಕಲಿತ ಮಗುವೊಂದು ಯಾರೂ ಹೇಳಿಕೊಡದೆ ಇನ್ನೊಂದು ‘ಮೆ’ ಪದವನ್ನು ತಾನೇ ಕಟ್ಟಿದ ದಿನ ಆ ಪ್ರತ್ಯಯ ಎದ್ದು ನಿಂತಿತು ಎನ್ನಬಹುದು.

ಪಠ್ಯಪುಸ್ತಕ ಬರೆಯುವವರಲ್ಲಿ ಒಂದು ಕೋರಿಕೆ. ತನ, ಇಕೆ, ಪು, ಮೆ ಎಂದು ಪಟ್ಟಿ ಕೊಡುವಾಗ ಇಂದಿಗೂ ಹೊಸ ಪದ ಕಟ್ಟುವುದು ಯಾವುದು, ಹಳೆಯ ಪದಗಳಲ್ಲಷ್ಟೇ ಉಳಿದಿರುವುದು ಯಾವುದು ಎಂದು ಪಕ್ಕದಲ್ಲಿ ಬರೆಯಿರಿ. ಮೊದಲನೆಯದನ್ನು ವಿದ್ಯಾರ್ಥಿ ನಿಯಮವಾಗಿ ಕಲಿಯಲಿ, ಎರಡನೆಯದನ್ನು ಪದಪಟ್ಟಿಯಾಗಿ. ಎರಡನ್ನೂ ನಿಯಮವೆಂದು ಕಲಿಸುವ ವ್ಯಾಕರಣ ಇಂದಿನ ಕನ್ನಡದ ವ್ಯಾಕರಣವಲ್ಲ.