ಗದ್ದೆಯಲ್ಲಿ ಒಣಗುವ ಕಡಲ ಪಾಚಿ

ಜಪಾನಿನ ನಾಗಾನೊ ಪ್ರಾಂತ್ಯದ ಚಿನೊ ಊರಿಗೆ ಕಡಲಿಲ್ಲ. ಸುತ್ತಲೂ ಬೆಟ್ಟ, ನಡುವೆ ಭತ್ತದ ಗದ್ದೆ. ಆದರೂ ಕೊಯ್ಲು ಮುಗಿದ ಗದ್ದೆಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಇಲ್ಲಿ ನಡೆಯುವುದು ಕಡಲ ಪಾಚಿಯ ಕೆಲಸ. ಹುಲ್ಲು ಹಾಸಿದ ಚಪ್ಪರಗಳ ಮೇಲೆ ಇಟ್ಟಿಗೆಯಾಕಾರದ, ಅರೆಪಾರದರ್ಶಕ ತುಂಡುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಜಪಾನೀಯರು ಕಾಂಟೆನ್ ಎಂದು ಕರೆಯುವ, ಉಳಿದ ಜಗತ್ತು ಅಗರ್ ಅಗರ್ ಎನ್ನುವ ಪದಾರ್ಥ ತಯಾರಾಗುವುದು ಹೀಗೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಹೆಸರಿನ ಪೊಟ್ಟಣದಲ್ಲಿ ಸಿಗುವುದೂ ಇದೇ.

ಹಾಗಾದರೆ ಇದು ನಿಜಕ್ಕೂ ಕಡಲ ಪಾಚಿಯೇ? ಹೌದು. ಕೆಂಪು ಪಾಚಿಗಳ ಗುಂಪಿಗೆ ಸೇರಿದ ಜೆಲಿಡಿಯಮ್, ಗ್ರಾಸಿಲೇರಿಯಾ ಮುಂತಾದವುಗಳ ಜೀವಕೋಶಗಳ ಗೋಡೆಯಲ್ಲಿರುವ ಒಂದು ಬಗೆಯ ಸಕ್ಕರೆಯ ಸರಪಳಿಯೇ ಅಗರ್. ಇದರಲ್ಲಿ ಪ್ರಾಣಿಯ ಅಂಶ ಏನೂ ಇಲ್ಲ. ಜೆಲಾಟಿನ್ ಹಾಗಲ್ಲ, ಅದು ದನ, ಹಂದಿ, ಮೀನುಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಪ್ರೋಟೀನ್.

ಕುದಿ, ಹೆಪ್ಪು, ಹಿಮ

ಚಿನೊದ ಕೆಲಸಗಾರರು ಕರಾವಳಿಯಿಂದ ತರಿಸಿದ ಪಾಚಿಯನ್ನು ನೀರಿನಲ್ಲಿ ನೆನೆಸಿ, ಉಪ್ಪು ಮರಳೆಲ್ಲ ಹೋಗುವವರೆಗೆ ತೊಳೆಯುತ್ತಾರೆ. ಆಮೇಲೆ ದೊಡ್ಡ ಕಡಾಯಿಗಳಲ್ಲಿ ರಾತ್ರಿಯಿಡೀ ಬೇಯಿಸುತ್ತಾರೆ. ಪಾಚಿಯೊಳಗಿನ ಅಗರ್ ಬಿಸಿನೀರಿಗೆ ಇಳಿಯುತ್ತದೆ. ಆ ರಸವನ್ನು ಬಟ್ಟೆಯಲ್ಲಿ ಸೋಸಿ ತಟ್ಟೆಗಳಿಗೆ ಹೊಯ್ದರೆ, ಆರಿದ ಮೇಲೆ ತಾನಾಗಿಯೇ ಗಟ್ಟಿಯಾಗುತ್ತದೆ. ಅದನ್ನು ತುಂಡು ಮಾಡಿ ಗದ್ದೆಗೆ ಒಯ್ಯುತ್ತಾರೆ.

ಮುಂದಿನದು ಚಳಿಗಾಲದ ಕೆಲಸ. ರಾತ್ರಿ ತುಂಡಿನೊಳಗಿನ ನೀರು ಹಿಮಗಟ್ಟುತ್ತದೆ, ಹಗಲಿನ ಬಿಸಿಲಿಗೆ ಕರಗಿ ಸೋರಿ ಹೋಗುತ್ತದೆ. ಅಗರ್ ಮಾತ್ರ ಉಳಿಯುತ್ತದೆ. ಸುಮಾರು ಎರಡು ವಾರ ಹೀಗೆ ನಡೆದರೆ, ಕೈತುಂಬ ಭಾರವಿದ್ದ ತುಂಡು ಏಳೆಂಟು ಗ್ರಾಂ ತೂಗುವ, ಹತ್ತಿಯಷ್ಟು ಹಗುರಾದ ಕಡ್ಡಿಯಾಗುತ್ತದೆ. ಈ ವಿಧಾನ 17ನೇ ಶತಮಾನದಲ್ಲಿ ಕ್ಯೋಟೊ ಬಳಿಯ ಫುಶಿಮಿಯಲ್ಲಿ ಗೊತ್ತಾಯಿತು ಎನ್ನುತ್ತಾರೆ. ಮಿನೊ ತಾರೊಜಾಯೆಮೊನ್ ಎಂಬ ಛತ್ರದ ಯಜಮಾನ ಚಳಿಗಾಲದಲ್ಲಿ ಹೊರಗೆ ಎಸೆದ ಪಾಚಿಯ ಜೆಲ್ಲಿ ಕೆಲವು ದಿನಗಳಲ್ಲಿ ಒಣಗಿ ಹಗುರಾಗಿತ್ತು, ಮತ್ತೆ ಕುದಿಸಿದಾಗ ಮೊದಲಿನಂತೆಯೇ ಗಟ್ಟಿಯಾಯಿತು ಎಂಬ ಕಥೆ ಪ್ರಚಲಿತದಲ್ಲಿದೆ. ಇಂದು ಕಾರ್ಖಾನೆಗಳಲ್ಲಿ ಯಂತ್ರದಿಂದ ಹಿಮಗಟ್ಟಿಸುತ್ತಾರೆ ಅಥವಾ ಒತ್ತಿ ನೀರು ತೆಗೆಯುತ್ತಾರೆ. ತತ್ವ ಮಾತ್ರ ಅದೇ.

ಭಾರತದಲ್ಲಿ ಈ ಪಾಚಿ ಬರುವುದು ಮುಖ್ಯವಾಗಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಿಂದ. ರಾಮನಾಥಪುರ ಜಿಲ್ಲೆಯ ಕರಾವಳಿಯ ಮೀನುಗಾರ ಹೆಂಗಸರು ಕಣ್ಣಿಗೆ ಕನ್ನಡಕ ಕಟ್ಟಿ, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ನೀರಿಗಿಳಿದು, ಹವಳದ ಬಂಡೆಗಳಿಂದ ಪಾಚಿಯನ್ನು ಕೈಯಿಂದಲೇ ಕೀಳುತ್ತಾರೆ. ಅಲ್ಲಿ ಅವರು ಮರಿಕೊಳುಂದು ಎನ್ನುವ ಪಾಚಿ ಅಗರ್‌ಗೆ ಶ್ರೇಷ್ಠವೆಂದು ಹೆಸರಾದದ್ದು.

ಅಡುಗೆಮನೆಯಲ್ಲಿ ಎಷ್ಟು ನಂಬಬಹುದು?

ಅಗರ್‌ನ ವಿಶೇಷ ಗುಣ ಒಂದಿದೆ. ಅದು ಹೆಪ್ಪುಗಟ್ಟುವುದು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಹಾಗಾಗಿ ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ, ಬೇಸಿಗೆಯ ಮಧ್ಯಾಹ್ನದ ಊಟಕ್ಕೆ ಹೊರಗಿಟ್ಟರೂ ಕುಸಿಯುವುದಿಲ್ಲ. ಜೆಲಾಟಿನ್ ಆದರೆ ಅಂಥ ಸೆಕೆಯಲ್ಲಿ ನೀರಾಗುತ್ತದೆ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಕರಗಿ ಹೋಗುವುದು ದೊಡ್ಡ ತೊಡಕಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ 1881ರಲ್ಲಿ ತಮ್ಮ ಅಡುಗೆಯ ಅಗರ್ ಬಳಸಿ ನೋಡಲು ಸೂಚಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಅಗರ್ ತಟ್ಟೆಗಳೇ ಇವೆ.

ಈಗ ಒಂದು ತೆಂಗಿನಹಾಲಿನ ಪುಡ್ಡಿಂಗ್ ಮಾಡಿ ನೋಡೋಣ. 250 ಮಿಲಿ ತಣ್ಣೀರಿಗೆ 4 ಗ್ರಾಂ ಅಗರ್ ಪುಡಿ ಹಾಕಿ ಕಲಸಿ. ಇದು ಮಟ್ಟಸವಾದ ಎರಡು ಟೀ ಚಮಚದಷ್ಟು. ಕಡ್ಡಿ ಅಥವಾ ಎಳೆ ಇದ್ದರೆ 8 ಗ್ರಾಂ ತೆಗೆದುಕೊಂಡು ಅರ್ಧ ಗಂಟೆ ನೆನೆಸಿ. ಒಲೆಯ ಮೇಲಿಟ್ಟು ಕುದಿ ಬಂದ ಮೇಲೆ ಪುಡಿಯಾದರೆ ಮೂರರಿಂದ ಐದು ನಿಮಿಷ, ಎಳೆಯಾದರೆ ಎಂಟು ಹತ್ತು ನಿಮಿಷ ಕೈಯಾಡಿಸುತ್ತಲೇ ಇರಿ. ಚಮಚದ ಬೆನ್ನಿನಲ್ಲಿ ಒಂದು ಕಣವೂ ಅಂಟದೆ ದ್ರಾವಣ ತಿಳಿಯಾಗಿದ್ದರೆ ಅಗರ್ ಪೂರ್ತಿ ಕರಗಿದೆ ಎಂದರ್ಥ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಕುದಿಯುವ ಮೊದಲೇ ಇಳಿಸಿದರೆ ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗುವುದಿಲ್ಲ.

ಸಕ್ಕರೆಯನ್ನು ಅಗರ್ ಕರಗಿದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಅದು ನೀರನ್ನು ಹಿಡಿದುಕೊಂಡು ಅಗರ್ ಕರಗುವುದನ್ನು ನಿಧಾನ ಮಾಡುತ್ತದೆ. ಆಮೇಲೆ 250 ಮಿಲಿ ತೆಂಗಿನ ಹಾಲನ್ನು ಉಗುರುಬೆಚ್ಚಗೆ ಮಾಡಿ ಸೇರಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಾಲು ಸುರಿದರೆ ತಾಗಿದ ಜಾಗದಲ್ಲೆಲ್ಲ ಅಗರ್ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇನ್ನು ಬಹಳ ಬಿಸಿ ಇರುವಾಗಲೇ ಅಚ್ಚಿಗೆ ಹೊಯ್ದರೆ ತೆಂಗಿನ ಕೊಬ್ಬು ಮೇಲೇರಿ ಎರಡು ಪದರವಾಗುತ್ತದೆ. ಆವಿ ಇಳಿದು ತುಸು ಮಂದವಾದ ಮೇಲೆ ಹೊಯ್ಯಿರಿ. ಅನುಮಾನವಿದ್ದರೆ ತಣ್ಣನೆಯ ಸ್ಟೀಲ್ ತಟ್ಟೆಗೆ ನಾಲ್ಕು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಗಟ್ಟಿಯಾಗದಿದ್ದರೆ ಇನ್ನಷ್ಟು ಅಗರ್ ಅನ್ನು ಬೇರೆಯಾಗಿ ನೀರಿನಲ್ಲಿ ಕುದಿಸಿ ಬೆರೆಸಬಹುದು.

ಎಲ್ಲಿ ಕೈಕೊಡುತ್ತದೆ

ಹುಳಿ ಅಗರ್‌ನ ವೈರಿ. ನಿಂಬೆರಸದ ಜೊತೆ ಕುದಿಸಿದರೆ ಅದರ ಸರಪಳಿ ತುಂಡಾಗಿ ಜೆಲ್ಲಿ ಮೆತ್ತಗಾಗುತ್ತದೆ. ರಸವನ್ನು ಒಲೆಯಿಂದ ಇಳಿಸಿದ ಮೇಲೆ ಸೇರಿಸಬೇಕು. ಇನ್ನೊಂದೆಡೆ, ಹಸಿ ಅನಾನಸ್, ಪರಂಗಿಯ ಕಿಣ್ವಗಳು ಪ್ರೋಟೀನ್ ಆದ ಜೆಲಾಟಿನ್ ಅನ್ನು ಕರಗಿಸಿಬಿಡುತ್ತವೆ, ಅಗರ್‌ಗೆ ಏನೂ ಮಾಡುವುದಿಲ್ಲ.

ಗದ್ದೆಯಲ್ಲಿ ಉಪಯೋಗಕ್ಕೆ ಬಂದ ಗುಣವೇ ಮನೆಯಲ್ಲಿ ದೋಷವಾಗುತ್ತದೆ. ಅಗರ್ ಹಾಕಿದ ಸಿಹಿಯನ್ನು ಫ್ರೀಜರ್‌ನಲ್ಲಿಟ್ಟರೆ ಕರಗಿದಾಗ ನೀರೆಲ್ಲ ಸೋರಿ ಸ್ಪಂಜಿನಂತೆ ಉಳಿಯುತ್ತದೆ. ಫ್ರಿಜ್‌ನಲ್ಲಿಯೂ ಒಂದೆರಡು ದಿನ ಕಳೆದರೆ ಅಂಚಿನಲ್ಲಿ ನೀರು ಬಿಡುತ್ತದೆ. ಆದ್ದರಿಂದ ಮಾಡಿದ ದಿನವೇ, ತಪ್ಪಿದರೆ ಮರುದಿನ ತಿಂದು ಮುಗಿಸಬೇಕು.

ಬಾಯಿಯ ಶಾಖಕ್ಕೆ ಕರಗದ ಕಾರಣ ಇದರ ಜೆಲ್ಲಿ ಜೆಲಾಟಿನ್‌ನಂತೆ ಜಾರುವುದಿಲ್ಲ, ಬಳುಕುವುದಿಲ್ಲ, ಹಲ್ಲಿಗೆ ಸಿಕ್ಕಿದೊಡನೆ ಮುರಿಯುತ್ತದೆ. ಚೌಕ ಚೌಕವಾಗಿ ಕತ್ತರಿಸುವ ಜೆಲ್ಲಿ, ಪುಡ್ಡಿಂಗ್, ಬರ್ಫಿಯಂಥ ಸಿಹಿಗಳಿಗೆ ಇದು ಚೆನ್ನ. ನೊರೆಯುಬ್ಬಿಸಿ ಮಾಡುವ ಮಾರ್ಷ್‌ಮೆಲೊದಂಥವಕ್ಕೆ ಅಗರ್ ಒಂದರಿಂದಲೇ ಆಗದು. ಜೆಲಾಟಿನ್ ಇರುವ ಪಾಕವಿಧಾನದಲ್ಲಿ ಅಷ್ಟೇ ತೂಕದ ಅಗರ್ ಹಾಕಿದರೆ ರಬ್ಬರಿನ ಹಾಗೆ ಗಡುಸಾಗುತ್ತದೆ.

ಪೊಟ್ಟಣದ ಮೇಲಿನ ಬರಹವನ್ನೂ ಓದಬೇಕು. ಜೆಲ್ಲಿ ಮಿಶ್ರಣಗಳೆಲ್ಲ ಅಗರ್ ಅಲ್ಲ, ಕೆಲವದರಲ್ಲಿ ಜೆಲಾಟಿನ್ ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಅಗರ್ ಅಥವಾ 406 ಎಂಬ ಸಂಖ್ಯೆ ಇರಲಿ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಹಾಲು ಇಲ್ಲವೆಂದಲ್ಲ, ಅದು ಸಸ್ಯಾಹಾರಕ್ಕೆ ಗುರುತು, ವೀಗನ್ ಆಹಾರಕ್ಕಲ್ಲ. ಪ್ರಾಣಿಜನ್ಯ ಪದಾರ್ಥ ಬೇಡವೆನ್ನುವವರು ಬೇರೇನೂ ಬೆರೆಸದ ಅಗರ್ ಪುಡಿ ಕೊಂಡು, ಚೆನ್ನಾಗಿ ಕುದಿಸಿ, ಹುಳಿಯನ್ನು ಕೊನೆಗೆ ಹಾಕಿದರೆ ಅದು ಪ್ರತಿ ಸಲವೂ ಗಟ್ಟಿಯಾಗುತ್ತದೆ.