ಆರು ಗುಣಲಬ್ಧಗಳಿಂದ ಕೋಟಿ ಕೋಟಿಗೆ: ಕ್ರಾಮರನ ಸೂತ್ರ ಎಲ್ಲಿ ಸೋಲುತ್ತದೆ

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚೀನಾದ ಗಣಿತ ಗ್ರಂಥವೊಂದಿದೆ. ಅದಕ್ಕೆ ‘ಗಣಿತ ಕಲೆಯ ಒಂಬತ್ತು ಅಧ್ಯಾಯಗಳು’ ಎಂಬರ್ಥದ ಹೆಸರು. ಅದರ ಎಂಟನೇ ಅಧ್ಯಾಯದ ಮೊದಲ ಲೆಕ್ಕ ಧಾನ್ಯದ ಸಿವುಡಿನದು. ಉತ್ತಮ ದರ್ಜೆಯ ಮೂರು, ಮಧ್ಯಮದ ಎರಡು, ಕನಿಷ್ಠದ ಒಂದು ಸಿವುಡು ಬಡಿದರೆ 39 ಅಳತೆ ಕಾಳು ಸಿಗುತ್ತದೆ. ಎರಡು, ಮೂರು, ಒಂದರಂತೆ ಬಡಿದರೆ 34. ಒಂದು, ಎರಡು, ಮೂರರಂತೆ ಬಡಿದರೆ 26. ಹಾಗಾದರೆ ಒಂದೊಂದು ದರ್ಜೆಯ ಸಿವುಡಿನಲ್ಲಿ ಎಷ್ಟೆಷ್ಟು ಕಾಳು?

ನಾವು ಶಾಲೆಯಲ್ಲಿ ಕಲಿತಂತೆ ಬರೆದರೆ ಹೀಗಾಗುತ್ತದೆ:

3x + 2y + z = 39
2x + 3y + z = 34
x + 2y + 3z = 26

ಇದನ್ನು ಬಿಡಿಸಲು ಸೂತ್ರವೊಂದಿದೆ. ಎಡಗಡೆಯ ಒಂಬತ್ತು ಅಂಕಿಗಳನ್ನಷ್ಟೇ ಚೌಕವಾಗಿ ಜೋಡಿಸಿಕೊಳ್ಳಿ. ಪ್ರತಿ ಅಡ್ಡಸಾಲಿನಿಂದ ಒಂದೊಂದು ಅಂಕಿ ಆರಿಸಿ, ಆದರೆ ಯಾವ ಕಂಬಸಾಲೂ ಎರಡು ಸಲ ಬರಬಾರದು. ಆರಿಸಿದ ಮೂರನ್ನೂ ಗುಣಿಸಿ. ಹೀಗೆ ಆರಿಸಲು ಇರುವುದು ಆರೇ ದಾರಿ, ಆದ್ದರಿಂದ ಆರು ಗುಣಲಬ್ಧಗಳು: 27, 2, 4 ಮತ್ತು 3, 12, 6. ಮೊದಲ ಮೂರನ್ನು ಕೂಡಬೇಕು, ಉಳಿದ ಮೂರನ್ನು ಕಳೆಯಬೇಕು. ಯಾವುದಕ್ಕೆ ಯಾವ ಚಿಹ್ನೆ ಎಂಬುದು ಆರಿಸಿದ ಕಂಬಸಾಲುಗಳ ಕ್ರಮ ಎಷ್ಟು ಸಲ ಹಿಂದುಮುಂದಾಗಿದೆ ಎಂಬುದರ ಮೇಲೆ ನಿಂತಿದೆ: ಸಮಸಂಖ್ಯೆಯಾದರೆ ಕೂಡು, ಬೆಸವಾದರೆ ಕಳೆ. 33ರಲ್ಲಿ 21 ಹೋದರೆ 12. ಈ 12ನ್ನೇ ನಿರ್ಧಾರಕ ಎನ್ನುತ್ತಾರೆ, ಕಾಲೇಜಿನವರ ಬಾಯಲ್ಲಿ ಡಿಟರ್ಮಿನೆಂಟ್.

x ಬೇಕಿದ್ದರೆ ಮೊದಲ ಕಂಬಸಾಲನ್ನು ಅಳಿಸಿ, ಆ ಜಾಗದಲ್ಲಿ ಬಲಗಡೆಯ 39, 34, 26 ಇಟ್ಟು ಅದೇ ಲೆಕ್ಕ ಮತ್ತೆ ಮಾಡಬೇಕು. 111 ಬರುತ್ತದೆ. 111ನ್ನು 12ರಿಂದ ಭಾಗಿಸಿದರೆ ಒಂಬತ್ತೂಕಾಲು. ಎರಡನೇ ಕಂಬಸಾಲಿನ ಜಾಗದಲ್ಲಿ ಇಟ್ಟರೆ 51, ಅಂದರೆ y ನಾಲ್ಕೂಕಾಲು. ಮೂರನೆಯದರಲ್ಲಿ 33, z ಎರಡೂಮುಕ್ಕಾಲು. ಎಲ್ಲ ಉತ್ತರಕ್ಕೂ ಛೇದ ಒಂದೇ, ಬದಲಾಗುವುದು ಅಂಶ ಮಾತ್ರ. ಛೇದವೇ ಸೊನ್ನೆಯಾದರೆ ಒಂದೇ ಒಂದು ಖಚಿತ ಉತ್ತರ ಇಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಎರಡು ಅವ್ಯಕ್ತಗಳಿಗೆ ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡುತ್ತಿದ್ದ ಓರೆ ಗುಣಾಕಾರವೂ ವೇಷ ಬದಲಿಸಿದ ಇದೇ ಸೂತ್ರ.

ಇದು ಜಿನೀವಾದ ಗೇಬ್ರಿಯಲ್ ಕ್ರಾಮರ್ ಎಂಬ ಗಣಿತಜ್ಞನ ಹೆಸರಿನಲ್ಲಿ ಉಳಿದಿದೆ. 1750ರಲ್ಲಿ ಆತ ಬೀಜಗಣಿತದ ವಕ್ರರೇಖೆಗಳ ಕುರಿತು ಪ್ರಕಟಿಸಿದ ಪುಸ್ತಕದ ಅನುಬಂಧದಲ್ಲಿ ಇದು ಬರುತ್ತದೆ. ದೀರ್ಘವೃತ್ತದಂಥ ಎರಡನೇ ಘಾತದ ರೇಖೆಯನ್ನು ಐದು ಬಿಂದುಗಳ ಮೂಲಕ ಎಳೆಯಬೇಕಾದರೆ ಐದು ಸಮೀಕರಣ ಬಿಡಿಸಬೇಕು. ಅಂಥ ಕೆಲಸಕ್ಕೆ ಸಾಮಾನ್ಯ ಸೂತ್ರ ಬೇಕಿತ್ತು. ಎರಡು ವರ್ಷ ಮುಂಚೆ, 1748ರಲ್ಲಿ, ಆಗಲೇ ತೀರಿಕೊಂಡಿದ್ದ ಮೆಕ್ಲಾರಿನ್‌ನ ಪುಸ್ತಕದಲ್ಲೂ ಚಿಕ್ಕ ಪ್ರಮಾಣದಲ್ಲಿ ಇದು ಅಚ್ಚಾಗಿತ್ತು. ಆದರೂ ಹೆಸರು ನಿಂತದ್ದು ಕ್ರಾಮರನದೇ. ಎಷ್ಟು ಅವ್ಯಕ್ತಗಳಿದ್ದರೂ ಚಿಹ್ನೆ ಹಾಕುವುದು ಹೇಗೆಂದು ಅವನು ಬಿಡಿಸಿ ಹೇಳಿದ್ದ. ಹೆಸರು ಅವನಿಗೆ ಸಂದದ್ದರಲ್ಲಿ ನನಗೇನೂ ಅನ್ಯಾಯ ಕಾಣುವುದಿಲ್ಲ.

ಮೂರು ಸಮೀಕರಣಕ್ಕೆ ಆರು ಗುಣಲಬ್ಧವಾದರೆ ನಾಲ್ಕಕ್ಕೆ 24, ಐದಕ್ಕೆ 120. ಮೊದಲ ಸಾಲಿನಲ್ಲಿ ಐದು ಆಯ್ಕೆ, ಎರಡನೆಯದರಲ್ಲಿ ಉಳಿದ ನಾಲ್ಕು, ಹೀಗೆ ಇಳಿಯುತ್ತಾ ಹೋಗಿ ಎಲ್ಲವೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಹತ್ತಕ್ಕೆ ಬರುವಷ್ಟರಲ್ಲಿ 36 ಲಕ್ಷ ದಾಟುತ್ತದೆ. ಇಪ್ಪತ್ತು ಸಮೀಕರಣಕ್ಕೆ ಒಂದೊಂದು ನಿರ್ಧಾರಕದಲ್ಲೂ ಸುಮಾರು 24 ಲಕ್ಷ ಕೋಟಿಯ ಒಂದು ಲಕ್ಷ ಪಟ್ಟು ಗುಣಲಬ್ಧಗಳು. ಒಂದೊಂದಕ್ಕೂ 19 ಗುಣಾಕಾರ, ಅಂಥ ನಿರ್ಧಾರಕ 21. ಸೆಕೆಂಡಿಗೆ ನೂರು ಕೋಟಿ ಗುಣಾಕಾರ ಮಾಡುವ ಯಂತ್ರವನ್ನು ಕೂರಿಸಿದರೂ ಮುಗಿಯಲು 30,000 ವರ್ಷಕ್ಕೂ ಹೆಚ್ಚು ಬೇಕು. ನೂರು ಕೋಟಿ ಪಟ್ಟು ವೇಗದ ಸೂಪರ್ ಕಂಪ್ಯೂಟರ್ ತಂದರೆ ಇಪ್ಪತ್ತು ಸಮೀಕರಣ ಹದಿನಾರು ನಿಮಿಷದಲ್ಲಿ ಮುಗಿದೀತು. ಆದರೆ ಇಪ್ಪತ್ತೈದಕ್ಕೆ ಏರಿಸಿದರೆ ಅದೂ 300 ವರ್ಷ ಕೂರುತ್ತದೆ. ಯಂತ್ರವನ್ನು ಎಷ್ಟೇ ಚುರುಕುಗೊಳಿಸಿದರೂ ಕೆಲವೇ ಸಮೀಕರಣ ಹೆಚ್ಚಿಸಿದರೆ ಆ ಗಳಿಕೆಯೆಲ್ಲ ತೊಳೆದುಹೋಗುತ್ತದೆ.

ಆ ಚೀನೀ ಲೆಕ್ಕಿಗರು ನಿರ್ಧಾರಕದ ಗೊಡವೆಗೇ ಹೋಗಿರಲಿಲ್ಲ. ಎರಡನೇ ಸಮೀಕರಣವನ್ನು ಮೂರರಿಂದ ಗುಣಿಸಿ, ಅದರಿಂದ ಮೊದಲನೆಯದನ್ನು ಎರಡು ಸಲ ಕಳೆದರು. x ಬಿದ್ದುಹೋಗಿ 5y + z = 24 ಉಳಿಯಿತು. ಮೂರನೆಯದಕ್ಕೂ ಅದೇ ಉಪಚಾರ ಮಾಡಿದಾಗ 4y + 8z = 39. ಇವೆರಡರಿಂದ y ತೆಗೆದರೆ 36z = 99. z ಎರಡೂಮುಕ್ಕಾಲು ಎಂದು ಸಿಕ್ಕಮೇಲೆ ಹಿಂದಕ್ಕೆ ಹೋಗಿ y, ಆಮೇಲೆ x. ನಾವಿದನ್ನು ವರ್ಜಿಸುವ ವಿಧಾನ ಎನ್ನುತ್ತೇವೆ, ಪುಸ್ತಕಗಳು ಗೌಸ್‌ನ ಹೆಸರು ಹಚ್ಚುತ್ತವೆ. ಇಲ್ಲಿ ಕೆಲಸ ಬೆಳೆಯುವುದು ಅವ್ಯಕ್ತಗಳ ಸಂಖ್ಯೆಯ ಘನದ ಲೆಕ್ಕದಲ್ಲಿ: ಎರಡು ಪಟ್ಟಾದರೆ ಕೆಲಸ ಎಂಟು ಪಟ್ಟು, ಅಷ್ಟೇ. ಇಪ್ಪತ್ತು ಸಮೀಕರಣಕ್ಕೆ ಮೂರು ಸಾವಿರ ಚಿಲ್ಲರೆ ಗುಣಾಕಾರ, ಭಾಗಾಕಾರ ಸಾಕು. ತಾಳ್ಮೆಯಿದ್ದವರು ಕೈಯಲ್ಲೇ ಮಾಡಿ ಮುಗಿಸಬಹುದು.

ಕ್ರಾಮರನ ಪರವಾಗಿ ವಾದಿಸುವವರು ಇಲ್ಲೊಂದು ಪ್ರಶ್ನೆ ಎತ್ತಬಹುದು, ಎತ್ತಬೇಕು ಕೂಡ. ನಿರ್ಧಾರಕವನ್ನು ಗುಣಲಬ್ಧಗಳಾಗಿ ಹರಡಿಯೇ ಕಂಡುಹಿಡಿಯಬೇಕೆಂದು ಯಾರು ಹೇಳಿದರು? ಅದನ್ನೂ ವರ್ಜಿಸುತ್ತಾ ಹೋಗಿಯೇ ಲೆಕ್ಕ ಹಾಕಬಹುದಲ್ಲ? ನಿಜ, ಹಾಗೆ ಮಾಡಿದರೆ 30,000 ವರ್ಷದ ಮಾತು ಹಾರಿಹೋಗುತ್ತದೆ. ಆದರೆ ಸಾವಿರ ಅವ್ಯಕ್ತಗಳಿದ್ದರೆ ಬೇಕಾಗುವುದು 1,001 ನಿರ್ಧಾರಕ. ಒಂದೊಂದಕ್ಕೂ ಒಂದು ಪೂರ್ತಿ ವರ್ಜನೆ. ಒಂದೇ ವರ್ಜನೆಯಲ್ಲಿ ಇಡೀ ಉತ್ತರ ಸಿಗುತ್ತಿದ್ದಾಗ ಅದನ್ನು ಸಾವಿರದ ಒಂದು ಸಲ ಮಾಡುವುದು ಏಕೆ?

ಇದಕ್ಕಿಂತ ಕೆಟ್ಟ ಆಪತ್ತು ಇನ್ನೊಂದಿದೆ, ಅದು ಕೇವಲ ಸಮಯದ ಪ್ರಶ್ನೆಯಲ್ಲ. 400 ಅವ್ಯಕ್ತಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಸಮೀಕರಣ, ಎಲ್ಲವೂ ‘ಇದರ 0.1 ಪಟ್ಟು 1’ ಎಂದಷ್ಟೇ ಹೇಳುತ್ತವೆ ಎಂದಿಟ್ಟುಕೊಳ್ಳಿ. ಎಲ್ಲದರ ಉತ್ತರವೂ 10, ಮಕ್ಕಳೂ ಹೇಳುತ್ತಾರೆ. ಈಗ ನಿರ್ಧಾರಕ ನೋಡಿ: 0.1ನ್ನು 400 ಸಲ ಗುಣಿಸಬೇಕು. ಪೈಥಾನ್‌ನಲ್ಲಿ ಕೇಳಿದರೆ ಹೀಗೆ ಬರುತ್ತದೆ:

```
>>> 0.1**400
0.0
```

ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆಗೆ ಅಷ್ಟು ಸಣ್ಣದನ್ನು ಹಿಡಿದಿಡುವ ಜಾಗವಿಲ್ಲ, ಸೊನ್ನೆ ಎಂದುಬಿಡುತ್ತದೆ. ಮೇಲಿನ ಅಂಶದಲ್ಲೂ 0.1 399 ಸಲ ಬರುವುದರಿಂದ ಅದೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೊರಟ ಸೂತ್ರಕ್ಕೆ ಉತ್ತರವೇ ಇಲ್ಲ. ಹಾಗಾಗಿ ದೊಡ್ಡ ಲೆಕ್ಕದಲ್ಲಿ ನಿರ್ಧಾರಕ ಸೊನ್ನೆ ಬಂದ ಮಾತ್ರಕ್ಕೆ ಸಮೀಕರಣಗಳಲ್ಲೇ ದೋಷವಿದೆ ಎಂದುಕೊಳ್ಳುವಂತಿಲ್ಲ. ಸಾಲುಗಳನ್ನು ಒಂದಿಷ್ಟು ದೊಡ್ಡದು ಮಾಡಿ ನೋಡಿದಾಗ ಸೊನ್ನೆ ಮಾಯವಾದರೆ ತಪ್ಪು ಸೂತ್ರದ ದಾರಿಯದು.

ಹಾಗಂತ ಕ್ರಾಮರನನ್ನು ಮೂಲೆಗೆ ತಳ್ಳಲಾಗದು. ಎರಡು ಮೂರು ಅವ್ಯಕ್ತಗಳಿದ್ದಾಗ, ಅದರಲ್ಲೂ ಅಂಕಿಯ ಬದಲು ಅಕ್ಷರಗಳಿದ್ದಾಗ, ಉತ್ತರದ ಸ್ವರೂಪವನ್ನು ಇಷ್ಟು ಬಿಡಿಸಿ ತೋರಿಸುವುದು ಬೇರೊಂದಿಲ್ಲ. ಸಿವುಡಿನ ಲೆಕ್ಕದಲ್ಲಿ ಬಲಗಡೆಯ ಸಂಖ್ಯೆಗಳನ್ನು a, b, c ಎಂದಿಟ್ಟರೆ x ಎಂದರೆ 7a – 4b – cಯನ್ನು 12ರಿಂದ ಭಾಗಿಸಿದ್ದು. ಮೊದಲ ಸಲ ಅಳೆಯುವಾಗ ಒಂದು ಅಳತೆ ತಪ್ಪಿ 39ರ ಜಾಗದಲ್ಲಿ 40 ಬರೆದಿದ್ದರೆ, ಉತ್ತಮ ಸಿವುಡಿನ ಕಾಳು ಹನ್ನೆರಡರಲ್ಲಿ ಏಳು ಪಾಲು ಹೆಚ್ಚು ಕಾಣುತ್ತದೆ, ಮಧ್ಯಮದ್ದು ಹನ್ನೆರಡರಲ್ಲಿ ಐದು ಪಾಲು ಕಡಿಮೆ, ಕನಿಷ್ಠದ್ದು ಒಂದು ಪಾಲು ಹೆಚ್ಚು. ಇದನ್ನು ತಿಳಿಯಲು ಲೆಕ್ಕವನ್ನು ಮತ್ತೊಮ್ಮೆ ಬಿಡಿಸಬೇಕಾಗಿಲ್ಲ.